ಅರ್ಧಕ್ಕೇ ನಿಂತ ಯುಟಿಆರ್: ಬಾಡಿಗೆದಾರರಿಗೆ ಏನೆಂದು ಉತ್ತರಿಸಬೇಕು?

ಪ್ರಶ್ನೆ: ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಮನೆ. ಕೆಳಗೆ ನಾನಿದ್ದೇನೆ, ಮೇಲಿನ ಮನೆಯಲ್ಲಿ ಹೈಸ್ಕೂಲ್ ಮೇಷ್ಟ್ರೊಬ್ಬರ ಸಂಸಾರ ಬಾಡಿಗೆಗಿದೆ. ತಿಂಗಳಿಗೆ 9,500 ರೂಪಾಯಿ, 5ನೇ ತಾರೀಖಿನೊಳಗೆ ತಪ್ಪದೆ ಹಾಕುತ್ತಾರೆ. ಜೂನ್ 5ರ ರಾತ್ರಿ ವಾಟ್ಸಾಪ್‌ನಲ್ಲಿ “ಅಮ್ಮಾ, ಬಾಡಿಗೆ ಹಾಕಿದೀನಿ. ಯುಟಿಆರ್ 51560734” ಎಂದು ಬರೆದರು. ಎಣಿಸಿದರೆ ಎಂಟೇ ಅಂಕಿ. ನನಗೆ ಬ್ಯಾಂಕಿನ ಎಸ್ಸೆಮ್ಮೆಸ್ ಬಂದಿಲ್ಲ. ಪಕ್ಕದ ಮನೆಯವರು “ಪೂರ್ತಿ ನಂಬರ್ ಕೊಡದವರನ್ನು ನಂಬಬೇಡಿ, ಇದೇ ಈಗಿನ ಮೋಸ” ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಮಗ “ಇನ್ನೊಂದು ಸಲ ಹಾಕೋಕೆ ಹೇಳಮ್ಮ” ಅನ್ನುತ್ತಾನೆ. ಮೂರು ವರ್ಷದಿಂದ ಚೆನ್ನಾಗಿರುವವರು, ಮನಸ್ಸು ನೋಯಿಸಲು ಇಷ್ಟವಿಲ್ಲ. ದುಡ್ಡು ಬಂತೋ ಇಲ್ಲವೋ ತಿಳಿಯುವುದು ಹೇಗೆ? ಅವರಿಗೆ ಏನಂತ ಬರೆಯಲಿ?

ಉತ್ತರ: ಮೊದಲು ಮಗನ ಸಲಹೆ ಬದಿಗಿಡಿ. ಇನ್ನೊಂದು ಸಲ ಹಾಕಲು ಈಗಲೇ ಹೇಳಬೇಡಿ. ಮೊದಲನೆಯದು ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ ನಾಳೆ ಅದೂ ಬಂದು ಸೇರಬಹುದು. ಆಗ ಮೇಷ್ಟ್ರ ಖಾತೆಯಿಂದ 19,000 ಹೋಗಿರುತ್ತದೆ. ತಿಂಗಳ ಮೊದಲ ವಾರದಲ್ಲಿ ಸಂಬಳದವರಿಗೆ ಅದು ಸಣ್ಣ ಮೊತ್ತವಲ್ಲ.

ಪಕ್ಕದ ಮನೆಯವರ ಮಾತೂ ಪೂರ್ತಿ ಸರಿಯಲ್ಲ. ಮೆಸೇಜಿನಲ್ಲಿ ಬಂದ ನಂಬರಿಗೂ ದುಡ್ಡು ತಲುಪುವುದಕ್ಕೂ ಸಂಬಂಧವಿಲ್ಲ. ಹಣ ಹೋಗುವುದು ನಿಮ್ಮ ಯುಪಿಐ ಐಡಿ, ಮೊಬೈಲ್ ನಂಬರ್ ಅಥವಾ ಖಾತೆ ಸಂಖ್ಯೆಯ ಮೇಲೆ. ಯುಟಿಆರ್ ಅನ್ನೋದು ಆ ವ್ಯವಹಾರಕ್ಕೆ ಬ್ಯಾಂಕುಗಳ ನಡುವೆ ಅಂಟಿಸುವ ಗುರುತು ಮಾತ್ರ, ಯುಪಿಐಯಲ್ಲಿ ಅದು ಹನ್ನೆರಡು ಅಂಕಿ. ಮೇಷ್ಟ್ರು ಅದನ್ನು ತಪ್ಪಾಗಿ ಬರೆದರೂ, ಅರ್ಧ ಬರೆದರೂ, ಬರೆಯದೇ ಬಿಟ್ಟರೂ ಸೇರಬೇಕಾದ ದುಡ್ಡು ಸೇರಿಯೇ ಸೇರುತ್ತದೆ.

ಇದರ ಇನ್ನೊಂದು ಮಗ್ಗುಲನ್ನು ಬಹಳ ಜನ ಗಮನಿಸುವುದಿಲ್ಲ. ಹನ್ನೆರಡೂ ಅಂಕಿ ಸರಿಯಾಗಿ ಬಂದರೂ ದುಡ್ಡು ಬಂತೆಂದು ಅರ್ಥವಲ್ಲ. ಫೇಲ್ ಆದ ವ್ಯವಹಾರಕ್ಕೂ, ಪೆಂಡಿಂಗ್‌ನಲ್ಲಿ ನಿಂತದ್ದಕ್ಕೂ ಅದೇ ರೀತಿ ಪೂರ್ತಿ ನಂಬರ್ ಇರುತ್ತದೆ. ಹಸಿರು ಟಿಕ್ ಇರುವ ಸ್ಕ್ರೀನ್‌ಶಾಟ್ ತಯಾರಿಸಿಕೊಡುವ ನಕಲಿ ಆ್ಯಪ್‌ಗಳೂ ಇವೆ. ಹಾಗಾಗಿ ಪೂರ್ತಿ ನಂಬರ್ ನೋಡಿ ನಂಬುವುದೂ ಬೇಡ, ಅರ್ಧ ನಂಬರ್ ನೋಡಿ ಅನುಮಾನಿಸುವುದೂ ಬೇಡ. ನಿಮ್ಮ ಖಾತೆಯ ಸ್ಟೇಟ್‌ಮೆಂಟ್‌ನಲ್ಲಿ ಜಮಾ ಕಾಣಬೇಕು. ಸಾಕ್ಷಿ ಅದೊಂದೇ.

ಎಂಟೇ ಅಂಕಿ ಏಕೆ ಬಂತು ಎನ್ನುವುದಕ್ಕೆ ಕಾರಣಗಳು ಸಾಮಾನ್ಯವಾಗಿ ಬಹಳ ಸಾದಾ. ಪರದೆಯ ಮೇಲಿನ ನಂಬರನ್ನು ಬೆರಳಿಟ್ಟು ಒತ್ತಿ ಕಾಪಿ ಮಾಡುವಾಗ ಒಂದು ಭಾಗವಷ್ಟೇ ಆಯ್ಕೆಯಾಗುತ್ತದೆ. ಕೆಲವರು ಸ್ಕ್ರೀನ್‌ಶಾಟ್ ನೋಡಿಕೊಂಡು ಕೈಯಲ್ಲಿ ಟೈಪ್ ಮಾಡುತ್ತಾರೆ, ನಡುವೆ ಫೋನ್ ಬಂದರೆ ಉಳಿದದ್ದು ಮರೆತೇ ಹೋಗುತ್ತದೆ. ಲೆಕ್ಕವನ್ನು ಎಕ್ಸೆಲ್‌ನಲ್ಲಿ ಬರೆದಿಡುವವರಿಗೆ ಇನ್ನೊಂದು ತೊಂದರೆ: 12 ಅಂಕಿಯ ನಂಬರನ್ನು ಸಾಮಾನ್ಯ ಕಾಲಂನಲ್ಲಿ ಹಾಕಿದರೆ ಅದು `5.15607E+11` ಎಂದು ಕಾಣಿಸುತ್ತದೆ. ಅಲ್ಲಿಂದ ನಕಲು ಮಾಡಿದರೆ ಬಾಲ ಕತ್ತರಿಸಿಯೇ ಬರುತ್ತದೆ. ಬಾಡಿಗೆ ಲೆಕ್ಕ ಎಕ್ಸೆಲ್‌ನಲ್ಲಿ ಇಡುವವರು ಆ ಕಾಲಂ ಅನ್ನು ಮೊದಲೇ Text ಎಂದು ಬದಲಾಯಿಸಿಕೊಳ್ಳಬೇಕು.

ನಿಮ್ಮ ಮೇಷ್ಟ್ರು ಕಳಿಸಿದ ಎಂಟು ಅಂಕಿಯಲ್ಲಿ ಒಂದು ಒಳ್ಳೆಯ ಸುಳಿವಿದೆ. ಯುಪಿಐ ನಂಬರಿನ ಮೊದಲ ಅಂಕಿ ಸಾಮಾನ್ಯವಾಗಿ ಇಸವಿಯ ಕೊನೆಯ ಅಂಕಿ. ನಂತರದ ಮೂರು, ಅದು ವರ್ಷದ ಎಷ್ಟನೇ ದಿನ ಎಂಬುದು. 5156 ಎಂದರೆ 2025ರ 156ನೇ ದಿನ. ಮೇ 31ಕ್ಕೆ 151 ದಿನ ಮುಗಿಯುತ್ತದೆ, ಅದಕ್ಕೆ ಐದು ಸೇರಿಸಿದರೆ ಜೂನ್ 5. ಮೇಷ್ಟ್ರು ಹಾಕಿದೆ ಎಂದ ದಿನವೇ ಬಂತು. ಅಂದರೆ ಇದು ನಂಬರಿನ ತಲೆಯ ಭಾಗ, ಕೊನೆಯ ನಾಲ್ಕು ಅಂಕಿ ಮಾತ್ರ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು. ಎಲ್ಲ ಆ್ಯಪ್‌ಗಳ ನಂಬರೂ ಇದೇ ಕ್ರಮದಲ್ಲಿ ಇರುವುದಿಲ್ಲ. ಆದ್ದರಿಂದ ತಾರೀಖು ಹೊಂದಿದರೆ ಸಮಾಧಾನಪಡಿ, ಹೊಂದದಿದ್ದರೆ ಅದನ್ನೇ ಹಿಡಿದು ಯಾರನ್ನೂ ಕಳ್ಳರೆನ್ನಬೇಡಿ.

ಉತ್ತರ ಬರೆಯುವ ಮೊದಲು ನಿಮ್ಮ ಕಡೆಯದನ್ನು ಪೂರ್ತಿ ನೋಡಿಬಿಡಿ. ಮುಕ್ಕಾಲು ಪಾಲು ತಕರಾರು ಇಲ್ಲೇ ಮುಗಿಯುತ್ತದೆ. ಎಸ್ಸೆಮ್ಮೆಸ್ ಬಂದಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅದು ತಡವಾಗಿ ಬರಬಹುದು, ಬಾರದೆಯೂ ಇರಬಹುದು. ನಿಮ್ಮ ಯುಪಿಐ ಆ್ಯಪ್‌ನ ಹಿಸ್ಟರಿಯನ್ನೂ ಪೂರ್ತಿ ನಂಬಬೇಡಿ. ಮೇಷ್ಟ್ರು ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಹಾಕಿ ಕಳಿಸಿದ್ದರೆ ಅದು ಆ್ಯಪ್‌ನಲ್ಲಿ ಕಾಣದೆ ನೇರ ಖಾತೆಗೆ ಹೋಗಿರಬಹುದು. ಬ್ಯಾಂಕಿನ ಸ್ವಂತ ಆ್ಯಪ್ ತೆರೆದು ಸ್ಟೇಟ್‌ಮೆಂಟ್ ನೋಡಿ. ಅದು ಬರದಿದ್ದರೆ ಶಾಖೆಯ ಬಳಿಯ ಯಂತ್ರದಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿ.

ನಿಮ್ಮ ಹೆಸರಿನಲ್ಲಿ ಎರಡು ಖಾತೆ ಇದ್ದರೆ ಎರಡನ್ನೂ ನೋಡಿ. ಪಿಂಚಣಿ ಖಾತೆ ಒಂದು ಬ್ಯಾಂಕಿನಲ್ಲಿ, ಉಳಿತಾಯ ಇನ್ನೊಂದರಲ್ಲಿ ಇರುವುದು ನಮ್ಮಲ್ಲಿ ಮಾಮೂಲು. ಮೊಬೈಲ್ ನಂಬರಿಗೆ ಹಣ ಕಳಿಸಿದರೆ ಅದು ಆ ನಂಬರಿಗೆ ಮುಖ್ಯ ಎಂದು ಜೋಡಿಸಿರುವ ಖಾತೆಗೆ ಬೀಳುತ್ತದೆ. ಈಚೆಗೆ ಮಗ ನಿಮ್ಮ ಫೋನಿಗೆ ಹೊಸ ಆ್ಯಪ್ ಹಾಕಿಕೊಟ್ಟು ಬೇರೆ ಖಾತೆ ಜೋಡಿಸಿದ್ದರೆ, ಈ ತಿಂಗಳ ಬಾಡಿಗೆ ಅಲ್ಲಿಗೆ ಹೋಗಿ ಕೂತಿರಬಹುದು.

ಸ್ಟೇಟ್‌ಮೆಂಟ್‌ನಲ್ಲಿ ಹುಡುಕಬೇಕಾದ ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ:

```
05-06-2025  UPI/CR/515607348219/...   9,500.00
```

CR ಎಂದರೆ ಜಮಾ. ಅದರ ಮುಂದಿನ ಹನ್ನೆರಡು ಅಂಕಿಯೇ ಯುಟಿಆರ್. ಮೊದಲ ಎಂಟು 51560734 ಆಗಿ, ಮೊತ್ತವೂ ತಾರೀಖೂ ಕೂಡಿಬಂದರೆ ಅದೇ ನಿಮ್ಮ ಬಾಡಿಗೆ. ಒಂದೇ ಖಾತೆಗೆ ಒಂದೇ ದಿನ ಅದೇ ಮೊತ್ತ, ಅದೇ ಎಂಟು ಅಂಕಿಯೊಂದಿಗೆ ಎರಡು ಸಲ ಬರುವುದನ್ನು ಚಿಂತಿಸಬೇಕಿಲ್ಲ. ಹೆಸರು ಮೇಷ್ಟ್ರದ್ದಲ್ಲದೆ ಅವರ ಮನೆಯವರದ್ದಾಗಿದ್ದರೂ ಗಾಬರಿ ಬೇಡ, ಯಾರ ಫೋನಿನಿಂದ ಹಾಕಿದರೋ ಅವರ ಹೆಸರು ಬರುತ್ತದೆ. ನೀರಿನ ಬಿಲ್ಲು, ಮೋಟಾರಿನ ಕರೆಂಟು ಸೇರಿಸಿ ಹಾಕುವ ಪದ್ಧತಿ ಇದ್ದರೆ 9,500ರ ಬದಲು 9,700 ಕಾಣಬಹುದು. ಬರಿ 9,500 ಎಂದು ಹುಡುಕಿ “ಇಲ್ಲ” ಎಂದುಬಿಡಬೇಡಿ.

ಹೀಗೆ ಜಮಾ ಸಿಕ್ಕಿದರೆ ಮೇಷ್ಟ್ರನ್ನು ಪೂರ್ತಿ ನಂಬರ್ ಕೇಳುವ ಅಗತ್ಯವೇ ಇಲ್ಲ. ಅದು ನಿಮ್ಮ ಸ್ಟೇಟ್‌ಮೆಂಟ್‌ನಲ್ಲೇ ಇದೆ. ಇದ್ದ ನಂಬರನ್ನು ಮತ್ತೆ ಕೇಳಿದರೆ ಅವರಿಗೆ “ನನ್ನ ಮೇಲೆ ಅನುಮಾನ” ಅನ್ನಿಸುವುದು ಸಹಜ. ಇಷ್ಟು ಬರೆದರೆ ಸಾಕು:

“ನಮಸ್ಕಾರ ಮೇಷ್ಟ್ರೇ. ಜೂನ್ ಬಾಡಿಗೆ 9,500 ರೂ. 5ನೇ ತಾರೀಖು ಬಂದಿದೆ. ನೀವು ಕಳಿಸಿದ ನಂಬರಿನಲ್ಲಿ ಕೊನೆಯ ನಾಲ್ಕಂಕಿ ಬಿಟ್ಟಿತ್ತು, ನನ್ನ ಸ್ಟೇಟ್‌ಮೆಂಟ್‌ನಲ್ಲಿ ಪೂರ್ತಿ ಸಿಕ್ಕಿತು: 515607348219. ಇಬ್ಬರ ಲೆಕ್ಕಕ್ಕೂ ಇದೇ ಇರಲಿ.”

ಈಗ ಜಮಾ ಕಾಣದಿದ್ದರೆ ಏನು ಮಾಡುವುದು ನೋಡೋಣ. ಪೂರ್ತಿ ನಂಬರ್ ನಿಜಕ್ಕೂ ಬೇಕಾಗುವುದು ಆಗಲೇ. ನಿಮ್ಮ ಖಾತೆಯೊಳಗೆ ಗುರುತಿಸಲು ಎಂಟು ಅಂಕಿ ಸಾಕು, ಆದರೆ ಬ್ಯಾಂಕಿಗೆ ದೂರು ಕೊಡಲು ಹನ್ನೆರಡೂ ಬೇಕು. ಆ ದೂರು ಶುರುವಾಗಬೇಕಾದದ್ದು ಹಣ ಕಳಿಸಿದವರ ಕಡೆಯಿಂದ, ಅವರ ಆ್ಯಪ್ ಅಥವಾ ಅವರ ಬ್ಯಾಂಕಿನ ಮೂಲಕ. ನಿಮ್ಮ ಶಾಖೆಗೆ ಹೋದರೆ “ನಿಮ್ಮ ಖಾತೆಗೆ ಬಂದಿಲ್ಲಮ್ಮ” ಎಂಬಷ್ಟು ಹೇಳಬಲ್ಲರು, ಮೇಷ್ಟ್ರ ಖಾತೆಯಲ್ಲಿ ಏನಾಯಿತೆಂದು ಹೇಳಲಾರರು. ಆದ್ದರಿಂದ ನಿಮ್ಮ ಮೆಸೇಜಿನ ಕೆಲಸ ಎರಡು. ಒಂದು, ನಿಮಗೆ ಕಾಣುತ್ತಿಲ್ಲ ಎಂದು ತಿಳಿಸುವುದು. ಇನ್ನೊಂದು, ಅವರು ಏನು ನೋಡಬೇಕು ಎಂದು ತೋರಿಸುವುದು. ನಾನಾದರೆ ಹೀಗೆ ಬರೆಯುತ್ತೇನೆ:

“ನಮಸ್ಕಾರ ಮೇಷ್ಟ್ರೇ. ನಿಮ್ಮ ಮೆಸೇಜು ನೋಡಿದೆ. ಇವತ್ತು ಬೆಳಿಗ್ಗೆ 10ರ ತನಕದ ಸ್ಟೇಟ್‌ಮೆಂಟ್ ನೋಡಿದೆ, 9,500 ನನಗೆ ಇನ್ನೂ ಕಾಣಿಸುತ್ತಿಲ್ಲ. ನೀವು ಕಳಿಸಿದ ನಂಬರಿನಲ್ಲಿ 51560734 ಎಂಬ ಎಂಟು ಅಂಕಿ ಬಂದಿದೆ, ಅದು ಹನ್ನೆರಡು ಅಂಕಿ ಇರುತ್ತದೆ. ಬಿಡುವಾದಾಗ ಆ್ಯಪ್‌ನಲ್ಲಿ ಆ ಪೇಮೆಂಟ್ ತೆರೆದು, ಡೀಟೇಲ್ಸ್ ಇರುವ ಪುಟದ ಸ್ಕ್ರೀನ್‌ಶಾಟ್ ಕಳಿಸುತ್ತೀರಾ? ನನ್ನ ಖಾತೆಯ ಕೊನೆಯ ನಾಲ್ಕಂಕಿ 2093, ಅದೂ ಸರಿಯಿದೆಯಾ ಒಮ್ಮೆ ನೋಡಿಬಿಡಿ. ಅಲ್ಲಿಯವರೆಗೆ ಮತ್ತೆ ಹಾಕಬೇಡಿ. ನಿಮ್ಮ ಖಾತೆಯಿಂದ 5ಕ್ಕೇ ಹೋಗಿದ್ದರೆ ತಡ ಎಂದು ನಾನೇನೂ ಲೆಕ್ಕ ಹಿಡಿಯುವುದಿಲ್ಲ.”

ಇದರಲ್ಲಿ “ನನಗೆ ಇನ್ನೂ ಕಾಣಿಸುತ್ತಿಲ್ಲ” ಎನ್ನುವ ಮಾತನ್ನು ಬದಲಾಯಿಸಬೇಡಿ. “ನೀವು ಹಾಕಿಲ್ಲ”, “ದುಡ್ಡು ಬಂದಿಲ್ಲ, ಪ್ರೂಫ್ ಕಳಿಸಿ” ಎಂದರೆ ಅರ್ಥ ಬಹುಪಾಲು ಅದೇ, ಆದರೆ ಮೂರು ವರ್ಷ ಸರಿಯಾಗಿ ಕೊಟ್ಟವರಿಗೆ ಕೇಳಿಸುವುದು ಬೇರೆ. ಯಾವ ಹೊತ್ತಿನ ತನಕ ನೋಡಿದಿರಿ ಎಂದು ಬರೆಯುವುದೂ ಮುಖ್ಯ. ಹತ್ತೂವರೆಗೆ ದುಡ್ಡು ಬಂದು ಬಿದ್ದರೆ ನಿಮ್ಮ ಮಾತು ಸುಳ್ಳಾಗುವುದಿಲ್ಲ. ಬಂದ ಎಂಟು ಅಂಕಿಯನ್ನು ಹಾಗೇ ತಿರುಗಿ ಬರೆದರೆ, ಎಲ್ಲಿ ಕತ್ತರಿಸಿದೆ ಎಂದು ಅವರಿಗೆ ನೋಡಿದ ಕೂಡಲೇ ತಿಳಿಯುತ್ತದೆ.

ಒಂದು ಎಚ್ಚರ. ಜಮಾ ನೋಡದೆ ಅವರ ಮೆಸೇಜಿಗೆ “ಆಯ್ತು ಮೇಷ್ಟ್ರೇ, ಥ್ಯಾಂಕ್ಸ್” ಎಂದೋ, ಹೆಬ್ಬೆರಳಿನ ಗುರುತೋ ಹಾಕಿಬಿಡುವುದು ನಮ್ಮ ಅಭ್ಯಾಸ. ಮುಂದೆ ತಕರಾರಾದರೆ ಅದೇ ನೀವು ಬಾಡಿಗೆ ಒಪ್ಪಿಕೊಂಡ ಗುರುತಾಗಿ ಕಾಣುತ್ತದೆ. ಬಾಡಿಗೆ ರಸೀದಿಯೂ ಅಷ್ಟೇ. ಮೇಷ್ಟ್ರಿಗೆ ಆದಾಯ ತೆರಿಗೆಯ ಮನೆ ಬಾಡಿಗೆ ಭತ್ಯೆ ವಿನಾಯಿತಿಗೆ ಅದು ಬೇಕಾಗಬಹುದು, ಆದರೆ ಖಾತೆಗೆ ಬಿದ್ದ ಮೇಲೆಯೇ ಬರೆದುಕೊಡಿ.

ಅವರು ಆ್ಯಪ್ ತೆರೆದಾಗ ಎರಡು ನಂಬರ್ ಕಂಡು ಗೊಂದಲವಾಗಬಹುದು. ಫೋನ್‌ಪೇಯಲ್ಲಿ T ಅಕ್ಷರದಿಂದ ಶುರುವಾಗುವ ಉದ್ದನೆಯ ಟ್ರಾನ್ಸಾಕ್ಷನ್ ಐಡಿ ಒಂದು, ಅದರ ಜೊತೆ `UTR` ಎಂದು 12 ಅಂಕಿ ಇನ್ನೊಂದು. ಗೂಗಲ್ ಪೇಯಲ್ಲಿ `Google transaction ID` ಬೇರೆ, `UPI transaction ID` ಬೇರೆ. ಪೇಟಿಎಂನಲ್ಲಿ `UPI Ref No` ಎಂದಿರುತ್ತದೆ. ಆ್ಯಪ್‌ನವರ ಸ್ವಂತ ಐಡಿ ನಿಮ್ಮ ಸ್ಟೇಟ್‌ಮೆಂಟ್‌ನಲ್ಲಿ ಎಲ್ಲೂ ಬರುವುದಿಲ್ಲ, ಅದನ್ನು ಹಿಡಿದು ಹುಡುಕಿದರೆ ದಿನವೆಲ್ಲ ಹುಡುಕುತ್ತಿರಬೇಕು. ಬೇಕಾದ್ದು ಅಕ್ಷರವಿಲ್ಲದ 12 ಅಂಕಿ. ಆ್ಯಪ್ ಸತಾಯಿಸಿದರೆ ಅವರ ಬ್ಯಾಂಕಿನಿಂದ ಬಂದ ಎಸ್ಸೆಮ್ಮೆಸ್ಸಿನಲ್ಲೂ ಅದೇ ಇರುತ್ತದೆ:

```
A/C X4417 debited by 9500.00 on date 05Jun25 ... Refno 515607348219
```

ಇಲ್ಲಿ X ಆದಮೇಲೆ ಬರುವ 4417 ಅವರ ಖಾತೆಯ ಕೊನೆಯ ಅಂಕಿಗಳು. ಅವಸರದಲ್ಲಿ ಅದನ್ನೇ ರೆಫರೆನ್ಸ್ ನಂಬರ್ ಎಂದು ಕಳಿಸುವವರಿದ್ದಾರೆ. ನಂಬರ್ SBIN, CNRB ಎಂಬಂಥ ಅಕ್ಷರಗಳಿಂದ ಶುರುವಾಗಿದ್ದರೆ ಅದು ಯುಪಿಐ ಅಲ್ಲ, ನೆಫ್ಟ್ ಆಗಿರಬಹುದು. ಅದರ ಉದ್ದವೂ ಬೇರೆ, ಸಾಮಾನ್ಯವಾಗಿ 16 ಅಕ್ಷರ-ಅಂಕಿ. ನೆಫ್ಟ್ ಹಗಲು ರಾತ್ರಿ ಅರ್ಧ ಗಂಟೆಗೊಂದು ಕಂತಿನಲ್ಲಿ ಸಾಗುತ್ತದೆ. ಆ ಕಂತು ಮುಗಿದ ಎರಡು ಗಂಟೆಯೊಳಗೆ ಜಮಾ ಆಗಬೇಕು, ಇಲ್ಲ ಕಳಿಸಿದ ಬ್ಯಾಂಕಿಗೆ ವಾಪಸಾಗಬೇಕು.

ಡೀಟೇಲ್ಸ್ ಪುಟ ಬಂದ ಮೇಲೆ ಮೂರರಲ್ಲಿ ಒಂದು ಕಾಣುತ್ತದೆ. ಫೇಲ್ ಎಂದಿದ್ದು ಅವರ ಖಾತೆಯಿಂದ ದುಡ್ಡು ಹೋಗಿರದಿದ್ದರೆ, ಅಥವಾ ಹೋಗಿ ವಾಪಸ್ ಬಂದಿದ್ದರೆ, ಆಗ ಮತ್ತೆ ಹಾಕಲಿ. ಅದರಲ್ಲಿ ಗೊಂದಲವಿಲ್ಲ.

ಪೆಂಡಿಂಗ್ ಎಂದಿದ್ದರೆ, ಅಥವಾ ಸಕ್ಸಸ್ ಎಂದಿದ್ದೂ ನಿಮಗೆ ಬಂದಿರದಿದ್ದರೆ, ಕಾರಣ ಹೆಚ್ಚಾಗಿ ಇಷ್ಟು: ಅವರ ಬ್ಯಾಂಕು ಹಣ ತೆಗೆದಿದೆ, ನಿಮ್ಮ ಬ್ಯಾಂಕಿನ ಸರ್ವರ್‌ನಿಂದ ಹೊತ್ತಿಗೆ ಸರಿಯಾಗಿ ಉತ್ತರ ಹೋಗಿಲ್ಲ. ಸಂಬಳ, ಬಾಡಿಗೆ, ಕಂತು ಎಲ್ಲ ಒಟ್ಟಿಗೆ ಓಡಾಡುವ ತಿಂಗಳ ಮೊದಲ ವಾರದಲ್ಲಿ ಸರ್ವರ್ ತಡವರಿಸಿದರೆ ಆಶ್ಚರ್ಯವಿಲ್ಲ. ಎರಡೂ ಬ್ಯಾಂಕುಗಳ ಲೆಕ್ಕ ತಾಳೆಯಾಗುವಾಗ ಇದು ಬಗೆಹರಿಯುತ್ತದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹಾಕಿರುವ ನಿಯಮದ ಪ್ರಕಾರ, ಒಬ್ಬರಿಂದ ಒಬ್ಬರಿಗೆ ಕಳಿಸಿದ ಯುಪಿಐ ಹಣ ತಲುಪದಿದ್ದರೆ ಮಾರನೆಯ ದಿನದೊಳಗೆ ಕಳಿಸಿದವರಿಗೆ ತಾನಾಗಿ ಮರಳಬೇಕು. ಅದು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆ ಪರಿಹಾರ ಮೇಷ್ಟ್ರಿಗೆ ಸೇರಬೇಕಾದದ್ದು, ನಿಮಗಲ್ಲ. ಅಂದರೆ ಜೂನ್ 5ರದ್ದಕ್ಕೆ 6ರ ರಾತ್ರಿಯವರೆಗೆ ಸುಮ್ಮನೆ ಕಾಯಬಹುದು. 7ಕ್ಕೂ ಇತ್ಯರ್ಥವಾಗದಿದ್ದರೆ ಎರಡನೆಯ ಮೆಸೇಜು ಬರೆಯಿರಿ:

“ಮೇಷ್ಟ್ರೇ, ಇವತ್ತಿನ ತನಕವೂ ನನ್ನ ಖಾತೆಗೆ ಸೇರಿಲ್ಲ. ನಿಮ್ಮ ಖಾತೆಗೆ ವಾಪಸ್ ಬಂದಿದೆಯಾ ನೋಡಿ. ಬಂದಿಲ್ಲವಾದರೆ ಆ ಪೇಮೆಂಟ್ ಪುಟದಲ್ಲೇ ದೂರು ಕೊಡುವ ಆಯ್ಕೆ ಇರುತ್ತದೆ, ಅಲ್ಲಿ ಕೊಟ್ಟುಬಿಡಿ. ನನ್ನ ಸ್ಟೇಟ್‌ಮೆಂಟ್ ಬೇಕಾದರೆ ಜೂನ್ 5ರಿಂದ 7ರವರೆಗಿನದನ್ನು ತೆಗೆದುಕೊಡುತ್ತೇನೆ.”

ಆ ಕೊನೆಯ ಸಾಲು ಬರಿ ಉಪಚಾರದ ಮಾತಲ್ಲ. ಜಮಾ ಆಗಿಲ್ಲ ಎಂದು ತೋರಿಸುವ ನಿಮ್ಮ ಸ್ಟೇಟ್‌ಮೆಂಟ್ ಅವರ ದೂರಿಗೆ ನಿಜಕ್ಕೂ ಬಲ ಕೊಡುತ್ತದೆ. ಕೊಡುವಾಗ ಬೇರೆ ವ್ಯವಹಾರಗಳ ಸಾಲು, ಉಳಿಕೆ ಮೊತ್ತ ಮರೆಮಾಡಿ.

ಮೂರನೆಯದು ಕಷ್ಟದ್ದು. ಸಕ್ಸಸ್ ಎಂದೇ ಇದೆ, ಆದರೆ ಪಡೆದವರ ಹೆಸರು ನಿಮ್ಮದಲ್ಲ. ಪಟ್ಟಿಯಲ್ಲಿ ಒಂದೇ ಥರದ ಎರಡು ಹೆಸರಿದ್ದು ಬೆರಳು ಇನ್ನೊಂದರ ಮೇಲೆ ಬಿದ್ದರೆ ಹೀಗಾಗುತ್ತದೆ. ಮುಗಿದ ಯುಪಿಐ ವ್ಯವಹಾರವನ್ನು ಬ್ಯಾಂಕು ತಾನಾಗಿ ತಿರುಗಿಸುವುದಿಲ್ಲ, ಸಾಮಾನ್ಯವಾಗಿ ಪಡೆದವರ ಒಪ್ಪಿಗೆ ಬೇಕು. ಮೇಷ್ಟ್ರು ಅವತ್ತೇ ತಮ್ಮ ಬ್ಯಾಂಕಿಗೆ ತಿಳಿಸಿದಷ್ಟೂ ಒಳ್ಳೆಯದು. ಡೀಟೇಲ್ಸ್ ಪುಟವನ್ನೇ ಕೇಳಿ ಎಂದು ಹೇಳಿದ್ದು ಇದಕ್ಕೇ. ಬರಿ ನಂಬರ್ ಕೇಳಿದ್ದರೆ ಈ ತಪ್ಪು ಮೂರು ದಿನವಾದರೂ ಹೊರಗೆ ಬರುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಬಾಡಿಗೆಯನ್ನು ಕೂಡಲೇ ಮತ್ತೆ ಕೊಡಿ ಎನ್ನುವುದೋ, ಹತ್ತು ದಿನ ಬಿಡುವುದೋ ನಿಮ್ಮಿಬ್ಬರಿಗೆ ಬಿಟ್ಟದ್ದು. ನನ್ನ ಅಭಿಪ್ರಾಯ ಕೇಳಿದರೆ, ಹಳೆಯ ಬಾಡಿಗೆದಾರರಾದರೆ ಬಿಡಿ, ಆದರೆ ಯಾವ ತಾರೀಖಿನವರೆಗೆ ಎಂದು ಮೆಸೇಜಿನಲ್ಲಿ ಬರೆದೇ ಬಿಡಿ.

ಮೋಸದ ಅನುಮಾನ ಯಾವಾಗ ಬರಬೇಕು? ಮೇಷ್ಟ್ರ ಹೆಸರಿನಲ್ಲಿ ಹೊಸ ನಂಬರಿನಿಂದ ಮೆಸೇಜು ಬಂದರೆ, “ತಪ್ಪಿ 95,000 ಹಾಕಿಬಿಟ್ಟೆ, ಹೆಚ್ಚಿನದನ್ನು ಈಗಲೇ ವಾಪಸ್ ಹಾಕಿ” ಎಂದರೆ, ಅಥವಾ ಬಾಡಿಗೆ ಪಡೆಯಲು ಲಿಂಕ್ ಒತ್ತಿ, ಪಿನ್ ಹಾಕಿ ಎಂದರೆ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ. ಅಂಥದ್ದು ಬಂದರೆ ಉತ್ತರಿಸದೆ ಮೇಷ್ಟ್ರ ಹಳೆಯ ನಂಬರಿಗೆ ಫೋನ್ ಮಾಡಿ, ಇಲ್ಲವೇ ಮೆಟ್ಟಿಲು ಹತ್ತಿ ಕೇಳಿ. ದುಡ್ಡು ಹೋಗಿಯೇಬಿಟ್ಟಿದ್ದರೆ 1930ಕ್ಕೆ ಕರೆ ಮಾಡಿ. ನೀವೂ ಅವರಿಂದ ಪಿನ್, ಓಟಿಪಿ, ಪೂರ್ತಿ ಖಾತೆ ಸಂಖ್ಯೆ ಕೇಳಬೇಡಿ. ಬಾಡಿಗೆ ಹುಡುಕಲು ಅವು ಯಾವುದೂ ಬೇಕಿಲ್ಲ.

ಜುಲೈನಿಂದ ಇಷ್ಟು ಮಾಡಿಸಿ: ಹಣ ಹಾಕುವಾಗ ನೋಟ್ ಬರೆಯುವ ಜಾಗದಲ್ಲಿ “ಜುಲೈ ಬಾಡಿಗೆ” ಎಂದು ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ, ಬರೆಯಲಿ. ಎಷ್ಟೋ ಬ್ಯಾಂಕುಗಳ ಸ್ಟೇಟ್‌ಮೆಂಟ್‌ನಲ್ಲಿ ಅದು ಯುಟಿಆರ್ ಪಕ್ಕದಲ್ಲೇ ಬರುತ್ತದೆ. ನಂಬರ್ ಟೈಪ್ ಮಾಡುವ ಬದಲು ಆ್ಯಪ್‌ನ ಶೇರ್ ಬಟನ್ ಒತ್ತಿ ರಸೀದಿಯನ್ನೇ ಕಳಿಸಲಿ, ಅಂಕಿ ಕತ್ತರಿಸುವ ಪ್ರಶ್ನೆಯೇ ಬರುವುದಿಲ್ಲ. ನೀವು ಶಾಖೆಗೆ ಹೋದ ದಿನ ಎಸ್ಸೆಮ್ಮೆಸ್ ಅಲರ್ಟ್ ಚಾಲೂ ಇದೆಯಾ, ಅದಕ್ಕೆ ಜೋಡಿಸಿರುವುದು ಈಗ ನೀವು ಬಳಸುತ್ತಿರುವ ನಂಬರೇನಾ ಎಂದು ಕೇಳಿಕೊಂಡು ಬನ್ನಿ.